ನಾನೇ ಬರೆದದ್ದಕ್ಕೆ ನಾನೇ ಅನುಮತಿ ಕೇಳಿದ ಹನ್ನೊಂದು ವಾರ

ಮೇ ತಿಂಗಳ ಕೊನೆಯಲ್ಲಿ ಅಧ್ಯಾಯ ಕಳಿಸಿದ ದಿನ ರಾತ್ರಿ ಚೆನ್ನಾಗಿ ನಿದ್ದೆ ಬಂದಿತ್ತು. ನಾನು ಮಂಗಳೂರಿನ ಒಂದು ಪದವಿ ಕಾಲೇಜಿನಲ್ಲಿ ಇತಿಹಾಸದ ಉಪನ್ಯಾಸಕಿ. ಕರಾವಳಿಯ ಹಳೆಯ ಕೈಗಾರಿಕೆಗಳ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಸಂಪಾದಿತ ಪುಸ್ತಕ ಬರುವುದಿತ್ತು. ಹೆಂಚಿನ ಕಾರ್ಖಾನೆಗಳ ಬಗ್ಗೆ ಏಳು ಸಾವಿರ ಪದಗಳ ಅಧ್ಯಾಯ ಬರೆದುಕೊಡಿ ಎಂದು ಸಂಪಾದಕರು ಕೇಳಿದ್ದರು. ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಶುರುಮಾಡಿದ ಕಾರ್ಖಾನೆಯಿಂದ ಹಿಡಿದು ಮುಂದಿನ ಕತೆ ನನಗೆ ಹೊಸದಲ್ಲ. 2019ರಲ್ಲಿ ಇದೇ ವಿಷಯದ ಮೇಲೆ ಒಂದು ವಿದೇಶಿ ನಿಯತಕಾಲಿಕದಲ್ಲಿ ನನ್ನದೂ ನನ್ನ ಸಹಪಾಠಿಯೊಬ್ಬನದೂ ಜಂಟಿ ಲೇಖನ ಬಂದಿತ್ತು. ಅದರಲ್ಲಿ ಹೆಂಗಸರ ಕೂಲಿಯ ಬಗ್ಗೆ ಇದ್ದ ಭಾಗವನ್ನು, ಸುಮಾರು 1,800 ಪದಗಳನ್ನು, ಹಾಗೆಯೇ ಎತ್ತಿ ಅಧ್ಯಾಯದ ನಡುವೆ ಇಟ್ಟಿದ್ದೆ. ಜೊತೆಗೆ ಒಂದು ಕೋಷ್ಟಕ, ಎರಡು ಚಿತ್ರ. ಲೇಖನದ ಹೆಸರನ್ನು ಗ್ರಂಥಸೂಚಿಯಲ್ಲಿ ಸೇರಿಸಿದ್ದೆ. ಅಷ್ಟು ಸಾಕು ಅಂದುಕೊಂಡಿದ್ದೆ.

ಜೂನ್ ಮೊದಲ ವಾರ ಮಳೆ ಹಿಡಿದ ದಿನವೇ ಸಂಪಾದಕರ ಮೇಲ್ ಬಂತು. ಬರಹದ ಎಷ್ಟು ಭಾಗ ಈಗಾಗಲೇ ಪ್ರಕಟವಾದದ್ದರ ಜೊತೆ ಹೊಂದುತ್ತದೆ ಎಂದು ತೋರಿಸುವ ಹೋಲಿಕೆ ವರದಿ ಲಗತ್ತಿಸಿದ್ದರು. ಒಟ್ಟು 29 ಶೇಕಡಾ, ಅದರಲ್ಲಿ 25 ಒಂದೇ ಮೂಲದಿಂದ. ಆ ಮೂಲ ನಾನೇ. ಮೇಲ್‌ನಲ್ಲಿ ಎರಡೇ ಸಾಲು: "ಇದು ನಿಮ್ಮದೇ ಲೇಖನ ಎಂದು ಗೊತ್ತು. ಮರುಬಳಕೆಗೆ ಪ್ರಕಾಶಕರ ಅನುಮತಿ ಪತ್ರ ಕಳಿಸಿ."

ಮೊದಲು ನಗು ಬಂತು, ಆಮೇಲೆ ಸಿಟ್ಟು. ನನ್ನ ಅಡುಗೆಮನೆಗೆ ಹೋಗಲು ಯಾರದ್ದೋ ಅಪ್ಪಣೆ ಕೇಳಿದ ಹಾಗೆ. ಎರಡು ದಿನ ಉತ್ತರವನ್ನೇ ಕೊಡಲಿಲ್ಲ. ಮೂರನೇ ದಿನ, ಪ್ಯಾರಾಗಳನ್ನು ಅಲ್ಲಿಂದ ಇಲ್ಲಿಗೆ ತಿರುಗಿಸಿ ಬರೆದರೆ ವರದಿಯ ಅಂಕಿ ಇಳಿಯುತ್ತದಲ್ಲ ಎಂಬ ಯೋಚನೆ ಬಂತು. ಅರ್ಧ ಪುಟ ಹಾಗೆ ಮಾಡಿಯೂ ನೋಡಿದೆ. 'ಹೆಂಗಸರಿಗೆ ದಿನಗೂಲಿ ಇತ್ತು' ಎಂಬುದನ್ನು 'ದಿನಗೂಲಿ ಹೆಂಗಸರಿಗಿತ್ತು' ಎಂದು ಮಾಡುವ ಕೆಲಸ ಅದು. ನನಗೇ ನಾಚಿಕೆಯಾಯಿತು. ವಿದ್ಯಾರ್ಥಿಗಳು ಇದನ್ನೇ ಮಾಡಿದಾಗ ನಾನು ಕೆಂಪು ಗೆರೆ ಎಳೆಯುವವಳು.

ಕೊಡಿಯಾಲ್‌ಬೈಲಿನಲ್ಲಿ ನನ್ನ ದೊಡ್ಡಪ್ಪನ ಮಗ ವಕೀಲ. ಶನಿವಾರ ಸಂಜೆ ಅವನ ಕಚೇರಿಗೆ ಹೋದೆ. ನಾನು ಪೂರ್ತಿ ಹೇಳಿ ಮುಗಿಸುವ ಮೊದಲೇ ಕೇಳಿದ, "ನೀನು ಸೈನ್ ಹಾಕಿದ ಕಾಗದ ಎಲ್ಲುಂಟು?"

"ಸೈನ್ ಎಂತದೂ ಹಾಕ್ಲಿಲ್ಲ ಅಣ್ಣ. ಆನ್‌ಲೈನಲ್ಲಿ ಏನೋ ಒತ್ತಿದ ನೆನಪು."

"ಒತ್ತಿದ್ದೇ ಸೈನು ಮಾರಾಯ್ತಿ. ಅದನ್ನು ಮೊದಲು ಹುಡುಕು. ಅದಿಲ್ಲದೆ ನಾನು ಹೇಳುವುದೆಲ್ಲ ಬರೀ ಮಾತು."

ಹುಡುಕುವುದಕ್ಕೆ ನಾಲ್ಕು ದಿನ ಹಿಡಿಯಿತು. 2019ರಲ್ಲಿ ನಾನು ಬಳಸುತ್ತಿದ್ದ ಹಳೆಯ ಕಾಲೇಜಿನ ಮೇಲ್ ಖಾತೆ ಈಗಿಲ್ಲ. ಕೊನೆಗೆ ಜಂಟಿ ಲೇಖಕನ ಇನ್‌ಬಾಕ್ಸಿನಲ್ಲಿ ಪಿಡಿಎಫ್ ಸಿಕ್ಕಿತು. ನನಗೆ ಆ ದಿನದ ನೆನಪು ಈಗ ಸ್ಪಷ್ಟವಾಗಿ ಬಂತು: ಉಡುಪಿಯಿಂದ ಬರುವ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕೂತು, ಮೂಲ್ಕಿ ದಾಟುವಾಗ ಮೊಬೈಲಿನಲ್ಲಿ ಮೂರು ಚೌಕಕ್ಕೆ ಟಿಕ್ ಹಾಕಿ ಕಳಿಸಿದ್ದೆ. ಲೇಖನ ಸ್ವೀಕಾರವಾಯಿತಲ್ಲ ಎಂಬ ಖುಷಿಯಲ್ಲಿ ಒಂದು ಸಾಲೂ ಓದಿರಲಿಲ್ಲ. (ಈ ಕಡೆ ಬರುವವರಿಗೆ ಒಂದು ಮಾತು: ಸ್ವೀಕಾರದ ಪತ್ರ ಬಂದ ದಿನವೇ ಒಪ್ಪಂದದ ಪಿಡಿಎಫ್ಫನ್ನು ಇಳಿಸಿ, ಕಾಲೇಜಿನ ಮೇಲ್‌ನಲ್ಲಲ್ಲ, ನಿಮ್ಮ ಸ್ವಂತ ಖಾತೆಯಲ್ಲಿ ಇಟ್ಟುಕೊಳ್ಳಿ. ಕಾಲೇಜು ಬಿಟ್ಟ ಮೇಲೆ ಆ ಮೇಲ್ ನಿಮ್ಮದಲ್ಲ.)

ಆ ನಾಲ್ಕು ಪುಟವನ್ನು ಅಣ್ಣನ ಮೇಜಿನ ಮೇಲೆ ಹರಡಿಕೊಂಡು ಓದಿದೆವು. ಮೊದಲ ಕಲಮಿನಲ್ಲೇ ಲೇಖನದ ಹಕ್ಕುಸ್ವಾಮ್ಯವನ್ನು ಎಲ್ಲ ರೂಪದಲ್ಲಿ, ಇಡೀ ಜಗತ್ತಿಗೆ, ಅದರ ಪೂರ್ಣ ಅವಧಿಗೆ ಪ್ರಕಾಶಕರಿಗೆ ವರ್ಗಾಯಿಸಿದ್ದೇವೆ ಎಂದಿತ್ತು. ಭಾರತದ ಕಾನೂನಿನಲ್ಲಿ ಪೂರ್ಣ ಅವಧಿ ಎಂದರೆ ಲೇಖಕರ ಜೀವಮಾನ ಮತ್ತು ಆಮೇಲೆ ಅರವತ್ತು ವರ್ಷ. ಜಂಟಿ ಲೇಖನವಾದರೆ ಕೊನೆಗೆ ತೀರಿಕೊಂಡವರಿಂದ ಲೆಕ್ಕ. "ನೀನು ಹೋದ ಮೇಲೂ ಅರವತ್ತು ವರ್ಷ ಅವರದ್ದೇ," ಎಂದು ಅಣ್ಣ ನಕ್ಕ. ಅವನ ನಗುವಿಗೆ ನಾನು ಜೊತೆಗೂಡಲಿಲ್ಲ.

ಅವನು ಹೇಳಿದ ಒಂದು ವಿಷಯವನ್ನು ಇಲ್ಲಿ ಬಿಡಿಸಿ ಬರೆಯುತ್ತೇನೆ, ಯಾಕೆಂದರೆ ಕನ್ನಡದಲ್ಲಿ ಬರೆಯುವವರಿಗೆ ಇದು ಹೆಚ್ಚು ಉಪಯೋಗ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು, ಕೊಡುವವರ ಸಹಿ ಇರಬೇಕು. ಬಾಯಿಮಾತಿನ ವರ್ಗಾವಣೆ ನಿಲ್ಲುವುದಿಲ್ಲ. ಎಷ್ಟು ಕಾಲಕ್ಕೆ ಎಂದು ಬರೆಯದಿದ್ದರೆ ಐದು ವರ್ಷ ಎಂದು ಲೆಕ್ಕ, ಎಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದು ಲೆಕ್ಕ. ನಾವು ವಾರಪತ್ರಿಕೆಗೋ ವಿಶೇಷಾಂಕಕ್ಕೋ ಒಂದು ಲೇಖನ ಕಳಿಸುತ್ತೇವೆ, ಅವರು ಅಚ್ಚು ಹಾಕಿ ಗೌರವಧನ ಕಳಿಸುತ್ತಾರೆ. ನಡುವೆ ಕಾಗದವೇ ಇರುವುದಿಲ್ಲ. ನೀವು ಆ ಪತ್ರಿಕೆಯ ನೌಕರರಲ್ಲದಿದ್ದರೆ, ಅಂಥ ಲೇಖನದ ಹಕ್ಕು ಸಾಮಾನ್ಯವಾಗಿ ನಿಮ್ಮ ಬಳಿಯೇ ಉಳಿದಿರುತ್ತದೆ. ಪುಸ್ತಕಕ್ಕೆ ಹಾಕುವಾಗ 'ಮೊದಲು ಇಂಥಲ್ಲಿ ಪ್ರಕಟ' ಎಂದು ಸೌಜನ್ಯಕ್ಕೆ ಬರೆದರೆ ಆಯಿತು. ನನ್ನ ಒಪ್ಪಂದದಲ್ಲಿ ಕಾಲವೂ ಇತ್ತು, ಜಗತ್ತೂ ಇತ್ತು. ಮೇಲಾಗಿ ಇಂಗ್ಲೆಂಡಿನ ಕಾನೂನು ಅನ್ವಯ ಎಂಬ ಸಾಲೂ ಇತ್ತು. ಹಾಗಾಗಿ 19ನೇ ಸೆಕ್ಷನ್ ನನ್ನ ಕೈ ಹಿಡಿಯಲಿಲ್ಲ.

ಮೂರನೇ ಪುಟದಲ್ಲಿ ಸ್ವಲ್ಪ ಜೀವ ಬಂತು. 'ಲೇಖಕರಿಗೆ ಉಳಿಯುವ ಹಕ್ಕುಗಳು' ಎಂಬ ಪಟ್ಟಿ. ತರಗತಿಯಲ್ಲಿ ಹಂಚಬಹುದು, ಸಮ್ಮೇಳನದಲ್ಲಿ ಓದಬಹುದು, ಪಿಎಚ್‌ಡಿ ಪ್ರಬಂಧದಲ್ಲಿ ಸೇರಿಸಬಹುದು, 'ಲೇಖಕರು ತಾವೇ ಬರೆಯುವ ಪುಸ್ತಕ'ದಲ್ಲಿ ಬಳಸಬಹುದು. ಸಿಕ್ಕಿತಲ್ಲ ಎಂದು ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಅಣ್ಣ ಬೆರಳಿಟ್ಟು ಇನ್ನೊಮ್ಮೆ ಓದಿಸಿದ. ನಾನೇ ಬರೆಯುವ ಪುಸ್ತಕ ಬೇರೆ, ಇನ್ನೊಬ್ಬರು ಸಂಪಾದಿಸುವ ಪುಸ್ತಕದಲ್ಲಿ ನನ್ನದೊಂದು ಅಧ್ಯಾಯ ಬೇರೆ. ಎರಡನೆಯದು ಪಟ್ಟಿಯಲ್ಲಿ ಇರಲಿಲ್ಲ. ಕೆಲವು ಪ್ರಕಾಶಕರ ಪಟ್ಟಿಯಲ್ಲಿ 'ಲೇಖನದ ಭಾಗಗಳನ್ನು ತಮ್ಮ ಇತರ ಬರಹಗಳಲ್ಲಿ' ಬಳಸಬಹುದು ಎಂಬ ಅಗಲವಾದ ಮಾತು ಇರುತ್ತದೆ. ಅದಿದ್ದರೆ ಅನುಮತಿ ಕೇಳುವ ಪ್ರಶ್ನೆಯೇ ಇಲ್ಲ, ಆ ಕಲಮನ್ನೇ ಸಂಪಾದಕರಿಗೆ ಕಳಿಸಬಹುದು. ನನ್ನದರಲ್ಲಿ ಅದಿರಲಿಲ್ಲ.

ಅಲ್ಲಿ ಕೂತು ನನ್ನ ಉಳಿದ ದಾರಿಗಳನ್ನೆಲ್ಲ ಒಂದೊಂದಾಗಿ ಅವನ ಮುಂದಿಟ್ಟೆ. ಅಚ್ಚಾದ ಪುಟದಿಂದ ಅಲ್ಲ, ನನ್ನ ಕಂಪ್ಯೂಟರಿನ ವರ್ಡ್ ಫೈಲಿನಿಂದ ನಕಲು ಮಾಡಿದ್ದು ಅಂದೆ. ಹಕ್ಕು ಇರುವುದು ಮಾತುಗಳ ಮೇಲೆ, ಫೈಲಿನ ಮೇಲೆ ಅಲ್ಲ ಅಂದ. ಹತ್ತು ಶೇಕಡಾದ ಒಳಗೆ ಇಳಿಸಿದರೆ ಆಗುವುದಿಲ್ಲವಾ ಎಂದೆ. ಇದು ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರ ಬಾಯಲ್ಲೂ ಇರುವ ಅಂಕಿ. ಆದರೆ ಅದು ಬಂದದ್ದು ಯುಜಿಸಿಯ 2018ರ ಕೃತಿಚೌರ್ಯ ನಿಯಮಗಳಿಂದ. ಹತ್ತರವರೆಗಿನ ಹೋಲಿಕೆಗೆ ದಂಡನೆ ಇಲ್ಲ ಎಂದು ಅಲ್ಲಿದೆಯೇ ಹೊರತು, ಬೇರೆಯವರ ಹಕ್ಕಿನಲ್ಲಿರುವುದನ್ನು ಅಷ್ಟು ತೆಗೆದುಕೊಳ್ಳಬಹುದು ಎಂದಲ್ಲ. ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಇಷ್ಟು ಪದ, ಇಷ್ಟು ಶೇಕಡಾ ಎಂಬ ಗೆರೆಯೇ ಇಲ್ಲ. 52ನೇ ಸೆಕ್ಷನ್ನಿನ ನ್ಯಾಯಯುತ ಬಳಕೆ ಇದೆ. ಸ್ವಂತದ ಅಧ್ಯಯನಕ್ಕೆ, ವಿಮರ್ಶೆಗೆ, ಪ್ರಚಲಿತ ಘಟನೆಗಳ ವರದಿಗೆ. 1,800 ಪದವನ್ನು ಯಾವ ವಿಮರ್ಶೆಯೂ ಇಲ್ಲದೆ ಮಾರಾಟದ ಪುಸ್ತಕಕ್ಕೆ ಎತ್ತಿ ಹಾಕುವುದನ್ನು ಅದರೊಳಗೆ ತುರುಕುವ ಧೈರ್ಯ ಅಣ್ಣನಿಗೆ ಇರಲಿಲ್ಲ. ಹಣ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಹಂಪನಕಟ್ಟೆಯಲ್ಲಿ ನೀರುದೋಸೆಯ ಬಿಲ್ಲು ಮಾತ್ರ ನನ್ನದಾಯಿತು.

ಬಸ್ಸಿನಲ್ಲಿ ಮನೆಗೆ ಬರುತ್ತಾ ನನಗೆ ಹೊಳೆದದ್ದು ಇಷ್ಟು: ನನ್ನ ಮುಂದೆ ಇರುವುದು ಎರಡು ಬೇರೆ ಬೇರೆ ಬಾಗಿಲು. ಒಂದು, ಪದಗಳ ಒಡೆಯರ ಒಪ್ಪಿಗೆ. ಇನ್ನೊಂದು, ಓದುಗರಿಗೆ ಇದು ಹಳೆಯದು ಎಂದು ಹೇಳುವ ಪ್ರಾಮಾಣಿಕತೆ. ತನ್ನದೇ ಪ್ರಕಟಿತ ಬರಹವನ್ನು ಸರಿಯಾದ ಉಲ್ಲೇಖವಿಲ್ಲದೆ ಮತ್ತೆ ಹಾಕಿ, ಹೊಸದೆಂದು ಹೇಳಿ ಶೈಕ್ಷಣಿಕ ಲಾಭ ಪಡೆಯುವುದು ತಪ್ಪು ಎಂದು ಯುಜಿಸಿ 2020ರ ಏಪ್ರಿಲ್‌ನಲ್ಲಿ ಪ್ರಕಟಣೆಯನ್ನೇ ಹೊರಡಿಸಿದೆ. ನಾಳೆ ಬಡ್ತಿಯ ಅರ್ಜಿಯಲ್ಲಿ ಈ ಅಧ್ಯಾಯವನ್ನು ನಾನು ತೋರಿಸುವವಳೇ. ಒಂದು ಬಾಗಿಲು ತೆರೆದರೆ ಇನ್ನೊಂದು ತಾನಾಗಿ ತೆರೆಯುವುದಿಲ್ಲ. ಪ್ರಕಾಶಕರು ಒಪ್ಪಿದರೂ ಓದುಗರಿಗೆ ಹೇಳಬೇಕು. ಓದುಗರಿಗೆ ಹೇಳಿದರೂ ಪ್ರಕಾಶಕರನ್ನು ಕೇಳಬೇಕು. ಗ್ರಂಥಸೂಚಿಯಲ್ಲಿ ಹೆಸರು ಸೇರಿಸಿ ಕೂತಿದ್ದ ನಾನು ಎರಡನ್ನೂ ಮಾಡಿರಲಿಲ್ಲ.

ಮೊದಲು ಅಧ್ಯಾಯವನ್ನೇ ಮತ್ತೆ ಕೈಗೆತ್ತಿಕೊಂಡೆ. ಯಾವುದು ಹಾಗೆಯೇ ಬೇಕು, ಯಾವುದು ಸೋಮಾರಿತನಕ್ಕೆ ಹಾಗೆಯೇ ಬಂದಿದೆ ಎಂದು ಗುರುತು ಹಾಕಿದೆ. ಕೂಲಿ ಪುಸ್ತಕಗಳನ್ನು ಹೇಗೆ ಓದಿದೆವು ಎಂಬ ವಿವರಣೆ, ಮುದುಕಿಯರು ತುಳುವಿನಲ್ಲಿ ಹೇಳಿದ್ದರ ಅನುವಾದ, ಇವನ್ನು ಬದಲಿಸಿದರೆ ಅರ್ಥವೇ ಜಾರುತ್ತದೆ. ಹಿನ್ನೆಲೆಯ ಪ್ಯಾರಾಗಳನ್ನು ಮಾತ್ರ ಹಳೆಯ ಲೇಖನ ಮುಚ್ಚಿಟ್ಟು ಹೊಸದಾಗಿ ಬರೆದೆ. ವಿಷಯದ ಮೇಲೆ, ಸಂಗತಿಗಳ ಮೇಲೆ ಯಾರ ಹಕ್ಕೂ ಇಲ್ಲ, ಅವನ್ನು ಹೇಳಿದ ಮಾತಿನ ಮೇಲಷ್ಟೇ ಹಕ್ಕು. 1,800 ಇದ್ದದ್ದು 1,100ಕ್ಕೆ ಇಳಿಯಿತು. ಅನುಮತಿ ಕೇಳಲು ಈ ನಿಖರ ಸಂಖ್ಯೆ ಬೇಕೇ ಬೇಕು. ಹಾಗಾಗಿ ಇದನ್ನು ಮೊದಲೇ ಮಾಡಿಟ್ಟುಕೊಳ್ಳುವುದು ಒಳ್ಳೆಯದು.

400 ಪದಕ್ಕಿಂತ ಕಡಿಮೆಯಾದರೆ ಶುಲ್ಕವೂ ಬೇಡ ಎಂದು ಉಡುಪಿಯ ಗೆಳತಿಯೊಬ್ಬಳು ಹೇಳಿದ್ದಳು. ಅದು ಸುಳ್ಳಲ್ಲ. ಎಸ್‌ಟಿಎಂ ಎಂಬ ಪ್ರಕಾಶಕರ ಒಕ್ಕೂಟದ ಮಾರ್ಗಸೂಚಿಯಲ್ಲಿ, ಒಂದು ಲೇಖನದಿಂದ ಮೂರು ಚಿತ್ರದವರೆಗೆ, 400 ಪದಕ್ಕಿಂತ ಕಡಿಮೆಯ ಒಂದು ತುಣುಕಿನವರೆಗೆ ಸದಸ್ಯರು ಪರಸ್ಪರ ಉಚಿತವಾಗಿ ಕೊಡಬೇಕು ಎಂದಿದೆ. ಆದರೆ ಅದು ಸಹಿ ಹಾಕಿದ ಪ್ರಕಾಶಕರ ನಡುವಿನ ಕೊಡುಕೊಳ್ಳುವಿಕೆ. ನಮ್ಮ ಪುಸ್ತಕ ತರುತ್ತಿದ್ದ ಸಣ್ಣ ಸಂಸ್ಥೆ ಆ ಪಟ್ಟಿಯಲ್ಲಿ ಇರಲಿಲ್ಲ. ನನ್ನ ತುಣುಕೂ ಅದಕ್ಕಿಂತ ದೊಡ್ಡದು.

ಅರ್ಜಿ ಹಾಕುವುದು ಲೇಖನದ ಪುಟದಲ್ಲೇ ಇರುವ ಒಂದು ಸಣ್ಣ ಕೊಂಡಿಯಿಂದ. ಹೆಚ್ಚಿನ ದೊಡ್ಡ ಪ್ರಕಾಶಕರಲ್ಲಿ ಅದು ಕಾಪಿರೈಟ್ ಕ್ಲಿಯರೆನ್ಸ್ ಸೆಂಟರ್‌ನ ರೈಟ್ಸ್‌ಲಿಂಕ್ ಎಂಬ ವ್ಯವಸ್ಥೆಗೆ ಹೋಗುತ್ತದೆ. ಯಾವ ಬಗೆಯ ಬಳಕೆ, ಎಷ್ಟು ಪದ, ಎಷ್ಟು ಪ್ರತಿ, ಮುದ್ರಣವೋ ಇ-ಪುಸ್ತಕವೋ ಎರಡೂನೋ, ಯಾವ ದೇಶಗಳಲ್ಲಿ, ಯಾವ ಭಾಷೆಯಲ್ಲಿ ಎಂದು ಕೇಳುತ್ತದೆ. ಎಷ್ಟು ಪ್ರತಿ ಎಂದು ನನಗೆ ಗೊತ್ತಿರಲಿಲ್ಲ. ಸಂಪಾದಕರಿಗೆ ಬರೆದು, ಅವರು ಪ್ರಕಾಶಕರಿಗೆ ಬರೆದು, 300 ಎಂಬ ಉತ್ತರ ಬರಲು ಆರು ದಿನ. ಅಷ್ಟರಲ್ಲಿ ನಾನು ತುಂಬಿದ್ದ ಫಾರ್ಮು ಕಾಲ ಮೀರಿ ಅಳಿಸಿಹೋಗಿತ್ತು.

ಎರಡನೇ ಸಲ ತುಂಬಿದಾಗ ಒಂದು ಯಡವಟ್ಟು ಮಾಡಿದೆ. 'ಈ ಬರಹದ ಲೇಖಕರು ನೀವೇನಾ?' ಎಂಬ ಪ್ರಶ್ನೆ ಮೊದಲೇ 'ಅಲ್ಲ' ಎಂದು ಗುರುತಾಗಿತ್ತು. ನಾನು ಅದನ್ನು ನೋಡಲೇ ಇಲ್ಲ. ಕೊನೆಯ ಪುಟದಲ್ಲಿ 180 ಪೌಂಡ್ ಎಂದು ಬಂತು. ತಿಂಗಳ ಸಾಲದ ಕಂತು ನೆನಪಾಗಿ ಲ್ಯಾಪ್‌ಟಾಪ್ ಮುಚ್ಚಿ ಹೊರಗೆ ಹೋಗಿ ಮಳೆ ನೋಡುತ್ತಾ ನಿಂತೆ. ಪುಸ್ತಕದಿಂದ ಹಿಂದೆ ಸರಿಯುತ್ತೇನೆ ಎಂದು ಸಂಪಾದಕರಿಗೆ ಮೇಲ್ ಕೂಡ ಬರೆದಿದ್ದೆ, ಪುಣ್ಯಕ್ಕೆ ಕಳಿಸಿರಲಿಲ್ಲ. ಮರುದಿನ ಜಂಟಿ ಲೇಖಕನಿಗೆ ಪರದೆಯ ಚಿತ್ರ ಕಳಿಸಿದಾಗ ಅವನೇ ಆ ಚೌಕವನ್ನು ತೋರಿಸಿದ್ದು. 'ಹೌದು' ಎಂದು ಬದಲಿಸಿದ ಕೂಡಲೇ ದರ ಮಾಯವಾಯಿತು. ಅದರ ಬದಲು, ಅರ್ಜಿಯನ್ನು ಪ್ರಕಾಶಕರ ಸಿಬ್ಬಂದಿಯೇ ನೋಡಿ ತಿಳಿಸುತ್ತಾರೆ ಎಂಬ ಸೂಚನೆ.

ಆ ನೋಟಕ್ಕೆ ನಾಲ್ಕು ವಾರ. ಆಟಿ ತಿಂಗಳು ಶುರುವಾಗಿ, ಮನೆಯಲ್ಲಿ ಪತ್ರೊಡೆ ಆಗಿ, ಕಾಲೇಜಿನ ಆಂತರಿಕ ಪರೀಕ್ಷೆಯೂ ಮುಗಿಯಿತು. ಎರಡು ನೆನಪೋಲೆ ಕಳಿಸಿದೆ. ಮೊದಲನೆಯದಕ್ಕೆ ಯಂತ್ರದ ಉತ್ತರ. ಎರಡನೆಯದರಲ್ಲಿ ಅರ್ಜಿಯ ಸಂಖ್ಯೆಯನ್ನು ವಿಷಯದ ಸಾಲಿನಲ್ಲಿ ಹಾಕಿದ್ದೆ, ಅದಕ್ಕೆ ಮನುಷ್ಯರ ಉತ್ತರ ಬಂತು.

ಈ ಕಾಯುವ ಹೊತ್ತಿನಲ್ಲಿ ಉಡುಪಿಯ ಅದೇ ಗೆಳತಿ ತನ್ನ ಕತೆ ಹೇಳಿದಳು. ಅವಳ ಲೇಖನ ಓಪನ್ ಆಕ್ಸೆಸ್, ಯಾರು ಬೇಕಾದರೂ ಉಚಿತವಾಗಿ ಓದಬಹುದು. ಮೇಲೆ 'ಹಕ್ಕು ಲೇಖಕರದು' ಎಂದೂ ಇತ್ತು. ಆದ್ದರಿಂದ ಯಾರನ್ನೂ ಕೇಳದೆ ಅಧ್ಯಾಯಕ್ಕೆ ಹಾಕಿದ್ದಳು. ಆದರೆ ಪರವಾನಗಿ ಕ್ರಿಯೇಟಿವ್ ಕಾಮನ್ಸ್‌ನ CC BY-NC-ND. ಅಂದರೆ ವಾಣಿಜ್ಯ ಬಳಕೆ ಇಲ್ಲ, ಬದಲಾಯಿಸಿ ಹಂಚುವಂತಿಲ್ಲ. ನಾನೇ ಹಕ್ಕುದಾರಳಾದರೆ ಆ ಷರತ್ತು ನನ್ನನ್ನು ಯಾಕೆ ಕಟ್ಟಬೇಕು ಎಂಬುದು ಅವಳ ವಾದ. ವಾದ ಸರಿಯೇ, ಆದರೆ ಅವಳೂ ಒಂದು ಕಾಗದಕ್ಕೆ ಒಪ್ಪಿದ್ದಳು. ಹಕ್ಕು ತನ್ನ ಹೆಸರಿನಲ್ಲೇ ಇಟ್ಟುಕೊಂಡು, ಪ್ರಕಟಿಸುವ ಏಕಮಾತ್ರ ಅಧಿಕಾರವನ್ನು ಪ್ರಕಾಶಕರಿಗೆ ಬರೆದುಕೊಟ್ಟಿದ್ದಳು. ಆಸ್ತಿ ನಿಮ್ಮ ಹೆಸರಿನಲ್ಲಿ, ಕೀಲಿಕೈ ಅವರ ಕೈಯಲ್ಲಿ. ಅವಳೂ ಕೇಳಿಯೇ ಬಳಸಬೇಕಾಯಿತು. ಬರೀ CC BY ಇದ್ದಿದ್ದರೆ ಮೂಲವನ್ನೂ ಪರವಾನಗಿಯನ್ನೂ ಹೆಸರಿಸಿ, ಏನು ಬದಲಾಯಿಸಿದ್ದೇವೆ ಎಂದು ಬರೆದರೆ ಮುಗಿಯುತ್ತಿತ್ತು, ಮಾರಾಟದ ಪುಸ್ತಕಕ್ಕೂ.

ನಾಲ್ಕು ವಾರದ ನಂತರ ಬಂದ ಉತ್ತರದಲ್ಲಿ ಎರಡು ಪ್ರಶ್ನೆ, ಒಂದು ನಿರಾಕರಣೆ. ಕೋಷ್ಟಕ ನೀವೇ ತಯಾರಿಸಿದ್ದೋ ಬೇರೆ ಎಲ್ಲಿಂದಲೋ ತೆಗೆದದ್ದೋ? ಜಂಟಿ ಲೇಖಕರಿಗೆ ಈ ಮರುಬಳಕೆ ಗೊತ್ತೋ? ಕೋಷ್ಟಕ ನಮ್ಮದೇ, ಕೂಲಿ ಪುಸ್ತಕದ ಅಂಕಿಗಳನ್ನು ನಾವೇ ಜೋಡಿಸಿದ್ದು ಎಂದು ಬರೆದೆ. ಜಂಟಿ ಲೇಖಕನ ವಿಷಯ ಅಷ್ಟು ಸುಲಭವಿರಲಿಲ್ಲ. ಅವನು ಪಾಠ ಬಿಟ್ಟು ಬೆಂಗಳೂರಿನ ಒಂದು ಕಂಪನಿ ಸೇರಿ ನಾಲ್ಕು ವರ್ಷ. ಫೋನಿನಲ್ಲಿ "ಹಾಕ್ಕೊಳ್ಳೆ, ನಂಗೆಂತ" ಎಂದ. ಆದರೆ 1,100 ಪದಗಳಲ್ಲಿ ಎರಡು ಪ್ಯಾರಾ ಅವನು ಬರೆದದ್ದು. ಅಧ್ಯಾಯದ ತಲೆಯ ಮೇಲೆ ನನ್ನ ಹೆಸರು ಮಾತ್ರ. ಹಕ್ಕು ಪ್ರಕಾಶಕರಿಗೆ ಹೋದರೂ, ಇದು ನಾನು ಬರೆದದ್ದು ಎಂದು ಹೇಳಿಕೊಳ್ಳುವ ಹಕ್ಕು ಲೇಖಕರನ್ನು ಬಿಟ್ಟು ಹೋಗುವುದಿಲ್ಲ, ನಮ್ಮ ಕಾಯ್ದೆಯ 57ನೇ ಸೆಕ್ಷನ್ ಅದು. ಪ್ರಕಾಶಕರ ಅನುಮತಿಯಿಂದ ಅವನ ಪ್ಯಾರಾ ನನ್ನದಾಗುವುದಿಲ್ಲ. ಇದನ್ನು ಹೇಳಿದಾಗ ಅವನು ಒಂದು ಕ್ಷಣ ಸುಮ್ಮನಾದ. ಆಮೇಲೆ, "ಹಾಗಾದ್ರೆ ಅಡಿಟಿಪ್ಪಣಿಯಲ್ಲಿ ನನ್ನ ಹೆಸರು ಹಾಕು. ಅಮ್ಮನಿಗೆ ತೋರಿಸ್ಲಿಕ್ಕಾಯ್ತು" ಎಂದ. ಅವನ ಒಪ್ಪಿಗೆಯನ್ನು ಮೇಲ್‌ನಲ್ಲಿ ಬರೆಸಿಕೊಂಡೆ.

ನಿರಾಕರಣೆ ಇದ್ದದ್ದು ಚಿತ್ರಗಳಿಗೆ. ಈ ಎರಡು ಚಿತ್ರಗಳ ಹಕ್ಕು ನಮ್ಮಲ್ಲಿಲ್ಲ, ಮೂಲದವರನ್ನೇ ಕೇಳಿ ಎಂದಿದ್ದರು. ಸರಿಯೇ. ಹಳೆಯ ಕಾರ್ಖಾನೆಯ ಆ ಫೋಟೋಗಳನ್ನು ಯುರೋಪಿನ ಒಂದು ದಾಖಲಾಗಾರದಿಂದ ಪಡೆದಿದ್ದೆವು. ಅವರು ಕೊಟ್ಟ ಅನುಮತಿ ಆ ನಿಯತಕಾಲಿಕಕ್ಕೆ ಒಂದು ಸಲಕ್ಕೆ ಮಾತ್ರ. ಚಿತ್ರದ ಕೆಳಗೆ 'ಅನುಮತಿಯೊಂದಿಗೆ' ಎಂಬ ಸಾಲು ಕಂಡರೆ ನಿಂತು ಯೋಚಿಸಬೇಕು, ಆ ಅನುಮತಿ ನಿಮ್ಮ ಜೊತೆ ಮುಂದಿನ ಪುಸ್ತಕಕ್ಕೆ ನಡೆದು ಬರುವುದಿಲ್ಲ. ನೂರು ವರ್ಷ ದಾಟಿದ ಫೋಟೋ, ಹಕ್ಕಿನ ಅವಧಿ ಮುಗಿದಿರಲೂಬಹುದು. ಆದರೆ ಪ್ರತಿ ಪಡೆಯುವಾಗ ನಾವು ಸಹಿ ಹಾಕಿದ ಷರತ್ತು ಬೇರೆ ಇತ್ತಲ್ಲ, ಅದು ಕಾಯ್ದೆಯ ಅವಧಿಯ ಜೊತೆ ಸಾಯುವುದಿಲ್ಲ. ಮತ್ತೆ ಬರೆದೆ. ಚಿತ್ರವೊಂದಕ್ಕೆ ಶುಲ್ಕ, ಉತ್ತರಕ್ಕೆ ಆರು ವಾರ ಎಂದು ಬಂತು. ಸಂಪಾದಕರ ಗಡುವು ಮೂರು ವಾರ ಇತ್ತು.

ಹತ್ತಿರದವರ ಹಳೆಯ ಮನೆ ಬಿಚ್ಚುತ್ತಿದ್ದರು, ಗುರುಪುರದ ಕಡೆ. ಅಂಗಳದಲ್ಲಿ ಹೆಂಚುಗಳನ್ನು ಸಾಲಾಗಿ ಜೋಡಿಸಿಟ್ಟಿದ್ದರು. ಒಂದನ್ನು ಮಗುಚಿ ಹಾವಸೆಯನ್ನು ತೆಂಗಿನ ನಾರಿನಿಂದ ಉಜ್ಜಿದೆ. ಕಾರ್ಖಾನೆಯ ಹೆಸರು, ಊರಿನ ಹೆಸರು ಉಬ್ಬಚ್ಚಿನಲ್ಲಿ ಮೇಲೆದ್ದು ಬಂತು. ಒಂದು ಅಕ್ಷರದ ಮೇಲೆ, ಹಸಿ ಇದ್ದಾಗ ಯಾರದ್ದೋ ಹೆಬ್ಬೆರಳು ಒತ್ತಿದ ಗುಳಿ ಇತ್ತು. ಹಸಿ ಹೆಂಚನ್ನು ಎತ್ತಿ ಒಣಗಲು ಇಡುವ ಹೆಂಗಸರ ಬಗ್ಗೆಯೇ ನನ್ನ ಅಧ್ಯಾಯ. ಮಳೆ ಬಿಟ್ಟ ಹತ್ತು ನಿಮಿಷದಲ್ಲಿ ಮೊಬೈಲಿನಲ್ಲಿ ಎಂಟು ಫೋಟೋ ತೆಗೆದೆ. ನಾನೇ ತೆಗೆದದ್ದು, ಹಕ್ಕು ನನ್ನದು, ಯಾರನ್ನೂ ಕೇಳಬೇಕಾಗಿಲ್ಲ. ದಾಖಲಾಗಾರದ ಎರಡೂ ಚಿತ್ರಗಳನ್ನು ಕೈಬಿಟ್ಟೆ. ನಿಜ ಹೇಳಬೇಕೆಂದರೆ ಈ ಹೆಂಚು ಅವುಗಳಿಗಿಂತ ಚೆನ್ನಾಗಿ ಮಾತಾಡುತ್ತದೆ.

ಒಂಬತ್ತನೇ ವಾರ ಪರವಾನಗಿ ಬಂತು, ಶುಲ್ಕ ಸೊನ್ನೆ. ಪುಟ ತೆರೆದು ಈ ಸಲ ಪೂರ್ತಿ ಓದಿದೆ. 1,100 ಪದ ಮತ್ತು ಒಂದು ಕೋಷ್ಟಕ, ಈ ಪುಸ್ತಕದ ಈ ಆವೃತ್ತಿಗೆ, ಇಂಗ್ಲಿಷಿನಲ್ಲಿ, ಮುದ್ರಣ ಮತ್ತು ಇ-ಪುಸ್ತಕ. ಮೂಲ ಲೇಖನದ ಲೇಖಕರು, ಹೆಸರು, ನಿಯತಕಾಲಿಕ, ಸಂಪುಟ, ವರ್ಷ, ಡಿಒಐ ಎಂಬ ಡಿಜಿಟಲ್ ಗುರುತು ಸಂಖ್ಯೆ, ಪ್ರಕಾಶಕರ ಅನುಮತಿಯಿಂದ ಎಂಬ ಮಾತು, ಇವಿಷ್ಟೂ ಅವರು ಕೊಟ್ಟ ಕ್ರಮದಲ್ಲೇ ಅಧ್ಯಾಯದ ಮೊದಲ ಪುಟದಲ್ಲಿ ಬರಬೇಕು. ಆ ಸಾಲಿನ ಕೆಳಗೆ ನಾನು ಇನ್ನೆರಡು ವಾಕ್ಯ ಸೇರಿಸಿದೆ. ಯಾವ ಯಾವ ಉಪಶೀರ್ಷಿಕೆಯ ಭಾಗಗಳು ಹಳೆಯ ಲೇಖನದಿಂದ ಬಂದಿವೆ, ಅವುಗಳಲ್ಲಿ ಯಾವ ಪ್ಯಾರಾ ಸಹಲೇಖಕರದು ಎಂದು. ಎರಡನೇ ಬಾಗಿಲಿನ ಕೀಲಿ ಇದೇ. 'ಈ ಅಧ್ಯಾಯದ ಕೆಲವು ಭಾಗಗಳು' ಎಂಬ ಮಸುಕು ಮಾತಿನಿಂದ ಓದುಗರಿಗೆ ಏನೂ ತಿಳಿಯುವುದಿಲ್ಲ.

ಮುಗಿಯಿತು ಎಂದುಕೊಂಡಾಗ ಪುಸ್ತಕದ ಪ್ರಕಾಶಕರ ಒಪ್ಪಂದ ಬಂತು. ಐದನೇ ಕಲಮಿನಲ್ಲಿ, 'ಈ ಬರಹ ಮೂಲವಾದದ್ದು, ಇದರ ಯಾವ ಭಾಗವೂ ಹಿಂದೆ ಪ್ರಕಟವಾಗಿಲ್ಲ ಎಂದು ಲೇಖಕಿ ಖಾತರಿ ಕೊಡುತ್ತಾಳೆ. ತಪ್ಪಿದರೆ ನಷ್ಟ ಲೇಖಕಿಯದೇ' ಎಂದಿತ್ತು. ಕೈಯಲ್ಲಿ ಅನುಮತಿ ಇಟ್ಟುಕೊಂಡು ಇದಕ್ಕೆ ಸಹಿ ಹಾಕಿದರೆ ಅದೇ ಒಂದು ಸುಳ್ಳು. ಅಣ್ಣನಿಗೆ ಫೋನ್ ಮಾಡಿದೆ. 'ಅನುಬಂಧದಲ್ಲಿ ಪಟ್ಟಿಮಾಡಿದ ಭಾಗಗಳ ಹೊರತು' ಎಂಬ ನಾಲ್ಕು ಪದ ಸೇರಿಸಲು ಹೇಳಿದ. ಸೇರಿಸಿ, ಪರವಾನಗಿಯ ಪ್ರತಿಯನ್ನು ಅನುಬಂಧವಾಗಿ ಅಂಟಿಸಿ ಕಳಿಸಿದೆ. ಪ್ರಕಾಶಕರು ಜಗಳ ಮಾಡುತ್ತಾರೆ ಎಂದು ಹೆದರಿದ್ದೆ. ಎರಡೇ ದಿನದಲ್ಲಿ ತಿದ್ದಿದ ಪ್ರತಿ ಬಂತು. ಕೇಳಿದರೆ ಬದಲಿಸುತ್ತಾರೆ ಎಂಬುದು 2019ರಲ್ಲಿ ಬಸ್ಸಿನಲ್ಲಿ ಕೂತವಳಿಗೆ ಗೊತ್ತಿರಲಿಲ್ಲ.

ಹನ್ನೊಂದನೇ ವಾರ ಕರಡಚ್ಚು ಬಂದಾಗ ಡಿಒಐಯಲ್ಲಿ ಒಂದು ಅಂಕಿ ಬಿಟ್ಟುಹೋಗಿತ್ತು. ತಿದ್ದಿಸಿದೆ. ಒಟ್ಟು ಖರ್ಚು ಲೆಕ್ಕ ಹಾಕಿದರೆ ನೀರುದೋಸೆ, ಜೆರಾಕ್ಸು, ಗುರುಪುರಕ್ಕೆ ಹೋಗಿಬಂದ ಬಸ್ಸು, ಎಲ್ಲ ಸೇರಿ ಐನೂರು ರೂಪಾಯಿ ದಾಟಲಿಲ್ಲ.

ಕಳೆದ ವಾರ ಇಲ್ಲಿನ ಒಂದು ವಿಶೇಷಾಂಕದವರು ಫೋನ್ ಮಾಡಿದ್ದರು. ಆ ಹೆಂಗಸರ ಕೂಲಿಯ ಭಾಗವನ್ನು ಕನ್ನಡಕ್ಕೆ ಮಾಡಿಕೊಡಿ ಮೇಡಂ ಎಂದರು. ಕನ್ನಡದಲ್ಲಿ ಬರೆದರೆ ಬೇರೆಯದೇ ಬರಹ ತಾನೇ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಅನುವಾದದ ಹಕ್ಕೂ ನಾನು ವರ್ಗಾಯಿಸಿದ ಕಟ್ಟಿನೊಳಗೇ ಇದೆ, ಪರವಾನಗಿಯಲ್ಲಿ ಇಂಗ್ಲಿಷ್ ಎಂದು ಮಾತ್ರ ಇದೆ. ಫಾರ್ಮು ಮತ್ತೆ ತೆರೆದೆ. ಲೇಖಕರು ನೀವೇನಾ ಎಂಬ ಚೌಕಕ್ಕೆ ಮೊದಲು ಟಿಕ್ ಹಾಕಿ, ಪ್ರತಿಗಳ ಸಂಖ್ಯೆಯನ್ನು ಅವರಿಂದ ಮೊದಲೇ ಕೇಳಿಟ್ಟುಕೊಂಡು ಕಳಿಸಿದ್ದೇನೆ. ಇವತ್ತಿಗೆ ಆರನೇ ದಿನ.